ಆಟಿಕೆಯ ವಯಸ್ಸು, ಸಣ್ಣ ತುಂಡು, ಸೆಲ್ಲು: ಆನ್‌ಲೈನ್ ಲಿಸ್ಟಿಂಗ್ ಬರೆಯುವ ಬಗೆ

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಆಟಿಕೆ ಕೊಳ್ಳಲು ಬಂದವರು ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ತಿರುಗಿಸುತ್ತಾರೆ, ಅಲುಗಾಡಿಸಿ ಸದ್ದು ಕೇಳುತ್ತಾರೆ. "ಸಾಹುಕಾರರೇ, ಇದಕ್ಕೆ ಎಂಥ ಸೆಲ್ಲು ಬೇಕು? ನಮ್ಮ ಮೊಮ್ಮಗನಿಗೆ ಎರಡು ವರ್ಷ, ನಡೆಯುತ್ತದೆಯೇ?" ಎಂದು ವಿಚಾರಿಸುತ್ತಾರೆ. ಅದೇ ಆಟಿಕೆ ಫೋನಿನ ತೆರೆಯ ಮೇಲೆ ಬಂದಾಗ ಈ ಯಾವುದಕ್ಕೂ ಅವಕಾಶವಿಲ್ಲ. ಫೋಟೊದಲ್ಲಿ ಬೆರಳಿನ ಉಗುರಿನಷ್ಟಿರುವ ಚಕ್ರವೂ ಬಟ್ಟಲಿನಷ್ಟು ದೊಡ್ಡ ಚಕ್ರವೂ ಒಂದೇ ತರಹ ಕಾಣುತ್ತವೆ. ಹಾವೇರಿಯಲ್ಲೋ ರೋಣದಲ್ಲೋ ಕುಳಿತು ಆರ್ಡರ್ ಮಾಡುವ ಅಜ್ಜಿಗೆ ಆ ವ್ಯತ್ಯಾಸವನ್ನು ತಿಳಿಸಬೇಕಾದದ್ದು ಲಿಸ್ಟಿಂಗ್. ಅಂಗಡಿಯವರಲ್ಲಿ ಹೆಚ್ಚಿನವರು ಬಣ್ಣ, ಬೆಲೆ, "ಉತ್ತಮ ಗುಣಮಟ್ಟ" ಎಂಬ ಮಾತುಗಳಿಗೆ ಜಾಗ ಕೊಟ್ಟು, ವಯಸ್ಸಿನ ಖಾನೆಯಲ್ಲಿ ಕೈಗೆ ಬಂದ ಅಂಕಿ ತುಂಬಿ ಮುಗಿಸುತ್ತಾರೆ. ಆ ಅಂಕಿ ಮಾರಾಟದ ಅಂಕಿಯಲ್ಲ. ಆಟಿಕೆಯನ್ನು ಅಳೆದು, ಎಳೆದು, ಬಿಚ್ಚಿ ನೋಡಿದ ಮೇಲೆ ಬರುವ ತೀರ್ಮಾನ ಅದು.

ಇಲ್ಲಿ ಒಂದೇ ಆಟಿಕೆಯನ್ನು ಎತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ನೋಡೋಣ. ಸಾಮಾನ್ಯವಾಗಿ ಸಿಗುವ ಪ್ಲಾಸ್ಟಿಕ್ ರೈಲು ಸೆಟ್: ಒಂದು ಎಂಜಿನ್, ಆಯಸ್ಕಾಂತದಿಂದ ಒಂದಕ್ಕೊಂದು ಅಂಟಿಕೊಳ್ಳುವ ಎರಡು ಬೋಗಿ, ಹನ್ನೆರಡು ಹಳಿ ತುಂಡು, ನಾಲ್ಕು ಪ್ರಯಾಣಿಕರ ಗೊಂಬೆ, ದೀಪ ಹತ್ತುವ ಒಂದು ಸಿಗ್ನಲ್ ಕಂಬ. ಒಟ್ಟು ಇಪ್ಪತ್ತು ತುಂಡು. ಎಂಜಿನ್‌ಗೆ ಒಂದು ಪೆನ್ಸಿಲ್ ಸೆಲ್ಲು, ಸಿಗ್ನಲ್ಲಿಗೆ ಮೂರು ಬಟನ್ ಸೆಲ್ಲು. ಆಟಿಕೆ ವ್ಯಾಪಾರದಲ್ಲಿ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಈ ಒಂದೇ ಪೆಟ್ಟಿಗೆಯಲ್ಲಿವೆ.

ಪೆಟ್ಟಿಗೆಯನ್ನು ಓದುವುದು

ಮೊದಲು ಐಎಸ್‌ಐ ಗುರುತು ಹುಡುಕಿ. ಕೇಂದ್ರ ಸರ್ಕಾರದ 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಆಡಲೆಂದು ಮಾಡಿದ ಆಟಿಕೆಗೆ, ಅದು ಇಲ್ಲಿಯದಾಗಲಿ ಹೊರದೇಶದ್ದಾಗಲಿ, ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಮೇಲ್ಭಾಗದಲ್ಲಿ ಮಾನಕದ ಸಂಖ್ಯೆ, ಕೆಳಭಾಗದಲ್ಲಿ CM/L ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಸೆಲ್ಲು ಇಲ್ಲದ ಆಟಿಕೆಗೆ ಮಾನಕ IS 9873, ಸೆಲ್ಲಿನಿಂದ ಅಥವಾ ವಿದ್ಯುತ್ತಿನಿಂದ ನಡೆಯುವುದಕ್ಕೆ IS 15644. ನಮ್ಮ ರೈಲು ಎರಡನೆಯ ಗುಂಪಿಗೆ ಸೇರಿದ್ದು. ಅದರ ಪೆಟ್ಟಿಗೆಯ ಮೇಲೆ IS 9873 ಮಾತ್ರ ಇದ್ದರೆ ಸಗಟು ವ್ಯಾಪಾರಿಯನ್ನು ಕೇಳಬೇಕು. ಸೆಲ್ಲಿಲ್ಲದ ಬೇರೆ ಆಟಿಕೆಗೆ ಪಡೆದ ಪರವಾನಗಿಯನ್ನು ಇದಕ್ಕೂ ಅಂಟಿಸಿರುವ ಸಾಧ್ಯತೆ ಇರುತ್ತದೆ. ಸಂಖ್ಯೆ ನಿಜವೇ ಎಂದು ನೋಡಲು ಮೊಬೈಲಿನಲ್ಲಿ BIS Care ಆ್ಯಪ್ ಹಾಕಿಕೊಂಡು Verify Licence Details ಎಂಬಲ್ಲಿ ಬರೆಯಿರಿ. ಅಲ್ಲಿ ಬರುವ ತಯಾರಕರ ಹೆಸರು ಪೆಟ್ಟಿಗೆಯ ಹೆಸರಿಗೆ ಹೊಂದದಿದ್ದರೆ ಮುಂದಿನ ಹೆಜ್ಜೆಯೇ ಬೇಡ, ಮಾಲನ್ನು ವಾಪಸ್ ಕಳುಹಿಸಿ.

"ಸಿಇ ಗುರುತು ಇದೆಯಲ್ಲ" ಎಂದು ಸಗಟು ಅಂಗಡಿಯಲ್ಲಿ ಸಮಾಧಾನ ಹೇಳುವವರು ಸಿಗುತ್ತಾರೆ. ಅದು ಯುರೋಪಿನ ಮಾರುಕಟ್ಟೆಗೆ ಸಂಬಂಧಿಸಿದ್ದು, ಇಲ್ಲಿ ಐಎಸ್‌ಐ ಬದಲಿಗೆ ನಡೆಯುವುದಿಲ್ಲ. ನೋಂದಾಯಿತ ಕರಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೂ ಭೌಗೋಳಿಕ ಸೂಚಕ ಪಡೆದವುಗಳಿಗೂ ಆದೇಶದಲ್ಲಿ ವಿನಾಯಿತಿ ಇದೆ. ಚನ್ನಪಟ್ಟಣದ್ದೋ ಕಿನ್ನಾಳದ್ದೋ ಗೊಂಬೆ ಮಾರುವವರಿಗೆ ಇದು ಗೊತ್ತಿರಲಿ. ಆದರೆ ವಿನಾಯಿತಿ ಇರುವುದು ಗುರುತಿಗೆ. ಮರದ ಗಿಲಕಿಯ ಹಿಡಿ ಕಳಚಿ ಬಂದರೆ ಅದೂ ಮಗುವಿನ ಬಾಯಿಗೇ ಹೋಗುತ್ತದೆ, ಆದ್ದರಿಂದ ಮುಂದೆ ಹೇಳುವ ಅಳತೆ ಅದಕ್ಕೂ ಬೇಕು.

ಇನ್ನು ವಯಸ್ಸಿನ ಗುರುತು. ಕೆಂಪು ವೃತ್ತ, ಒಳಗೆ ಪುಟ್ಟ ಮಗುವಿನ ಮುಖ, "0-3" ಎಂಬ ಅಂಕಿ, ಅದರ ಮೇಲೆ ಅಡ್ಡಗೆರೆ. ಇದರ ಅರ್ಥ, ಮೂರು ವರ್ಷದೊಳಗಿನವರಿಗೆ ಇದನ್ನು ಕೊಡಬೇಡಿ. ಅಗ್ಗದ ಪೆಟ್ಟಿಗೆಗಳಲ್ಲಿ ಒಂದೇ ಬಣ್ಣದ ಮುದ್ರಣದಿಂದಾಗಿ ಕೆಂಪು ಹೋಗಿ ಎಲ್ಲವೂ ಕಪ್ಪಾಗಿರುತ್ತದೆ, ಅಡ್ಡಗೆರೆ ಮುಖದ ಗೆರೆಗಳಲ್ಲಿ ಬೆರೆತು ಹೋಗಿರುತ್ತದೆ. ಲಿಸ್ಟಿಂಗ್ ತುಂಬಲು ಕುಳಿತ ಹುಡುಗ ಅವಸರದಲ್ಲಿ "0-3" ಎಂಬುದನ್ನು ಮಾತ್ರ ಓದಿ, ವಯಸ್ಸು ಸೊನ್ನೆಯಿಂದ ಮೂರು ಎಂದು ತುಂಬಿಬಿಡುತ್ತಾನೆ. ಕೊಡಬಾರದು ಎಂದದ್ದು ಕೊಡಿ ಎಂದಾಗುತ್ತದೆ. ಅಷ್ಟೇ ಅಲ್ಲ, ಮಾರಾಟ ತಾಣದ ಜರಡಿಯಲ್ಲಿ ಆ ಆಟಿಕೆ ಹಸುಗೂಸುಗಳ ವಿಭಾಗಕ್ಕೇ ಹೋಗಿ ಕೂರುತ್ತದೆ. ನಿಮ್ಮ ಪಟ್ಟಿಯಲ್ಲಿ "0-3" ಎಂದಿರುವ ಎಲ್ಲ ಆಟಿಕೆಗಳನ್ನು ಇವತ್ತೇ ತೆಗೆದು ಪೆಟ್ಟಿಗೆಯೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು.

ಪೆಟ್ಟಿಗೆಯ ಮುಂದೆ ಒಂದು, ಹಿಂದೆ ಒಂದು ಬರೆದಿರುವುದೂ ಉಂಟು. ನಮ್ಮ ರೈಲಿನ ಪೆಟ್ಟಿಗೆಯ ಮುಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ "2+", ಹಿಂಬದಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಮೂರು ವರ್ಷದೊಳಗಿನವರಿಗೆ ಅಲ್ಲ, ಸಣ್ಣ ಭಾಗಗಳಿವೆ" ಎಂದಿದೆ ಎಂದುಕೊಳ್ಳಿ. ಯಾವುದನ್ನು ನಂಬಬೇಕು? ಅದನ್ನು ಆಟಿಕೆಯನ್ನೇ ಕೇಳಬೇಕು.

ಹತ್ತು ಸೆಂಟಿಮೀಟರಿನ ರಟ್ಟು

ಆಟಿಕೆ ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಸಣ್ಣ ಭಾಗ ಯಾವುದು ಎಂದು ತೀರ್ಮಾನಿಸಲು ಒಂದು ಪುಟ್ಟ ಕೊಳವೆ ಇರುತ್ತದೆ. ಅದರ ಒಳಗಿನ ಅಗಲ 31.7 ಮಿ.ಮೀ. ತಳ ಓರೆಯಾಗಿದ್ದು, ಆಳ ಒಂದು ಬದಿಯಲ್ಲಿ 25.4 ಮಿ.ಮೀ., ಎದುರು ಬದಿಯಲ್ಲಿ 57.1 ಮಿ.ಮೀ. ಚಿಕ್ಕ ಮಗುವಿನ ಬಾಯಿ ಮತ್ತು ಗಂಟಲಿನ ಅಳತೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಅಳತೆ ಇದು. ಆಟಿಕೆಯ ತುಂಡನ್ನು ಒತ್ತದೆ, ಹಿಸುಕದೆ, ಯಾವ ಭಂಗಿಯಲ್ಲಿ ಇಟ್ಟರೂ ಸರಿ, ಅದು ಪೂರ್ತಿಯಾಗಿ ಕೊಳವೆಯೊಳಗೆ ಕೂತರೆ ಸಣ್ಣ ಭಾಗ. ತುದಿ ಹೊರಗೆ ಉಳಿದರೆ ಅಲ್ಲ.

ಈ ಕೊಳವೆಯನ್ನು ಅಂಗಡಿಯಲ್ಲೇ ಮಾಡಿಕೊಳ್ಳಬಹುದು. ಲಗ್ನಪತ್ರಿಕೆಯ ರಟ್ಟಿನಷ್ಟು ಗಟ್ಟಿ ಇರುವ ಕಾಗದ ಸಾಕು. ಉದ್ದ 11 ಸೆಂ.ಮೀ., ಅಗಲ 5.7 ಸೆಂ.ಮೀ. ಇರುವಂತೆ ಒಂದು ಪಟ್ಟಿ ಕತ್ತರಿಸಿ. ಉದ್ದದಲ್ಲಿ 10 ಸೆಂ.ಮೀ. ಇರುವಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ. ಪಟ್ಟಿಯನ್ನು ಸುತ್ತಿ, ಒಂದು ತುದಿ ಸರಿಯಾಗಿ ಆ ಗೆರೆಗೆ ತಾಗುವಂತೆ ಹಿಡಿದು, ಉಳಿದ ಒಂದು ಸೆಂಟಿಮೀಟರನ್ನು ಮೇಲೆ ಅಂಟಿಸಿ. ಸುತ್ತಳತೆ 10 ಸೆಂ.ಮೀ. ಆದಾಗ ಅಗಲ 31.8 ಮಿ.ಮೀ. ಬರುತ್ತದೆ, ನಮ್ಮ ಕೆಲಸಕ್ಕೆ ಅದು ಸಾಕಷ್ಟು ಹತ್ತಿರ. ಕೊಳವೆಯನ್ನು ಮೇಜಿನ ಮೇಲೆ ನಿಲ್ಲಿಸಿದರೆ ಮೇಜೇ ತಳ. ಪ್ರಯೋಗಾಲಯದ ಓರೆ ತಳ ಇದಕ್ಕಿಲ್ಲವಾದ್ದರಿಂದ ಒಳಗಿನ ಜಾಗ ತುಸು ಹೆಚ್ಚು. ಅಂದರೆ ಅಲ್ಲಿ ಪಾರಾಗುವ ಕೆಲವು ತುಂಡುಗಳು ಇಲ್ಲಿ ಸಿಕ್ಕಿಬೀಳುತ್ತವೆ. ಎಚ್ಚರಿಕೆ ಬರೆಯುವವರಿಗೆ ಆ ದಿಕ್ಕಿನ ತಪ್ಪು ನಷ್ಟದ್ದಲ್ಲ. ಅಳತೆ ಸರಿಯಿದೆಯೇ ಎಂದು ನೋಡಲು ಹತ್ತು ರೂಪಾಯಿಯ ನಾಣ್ಯವನ್ನು ಮಲಗಿಸಿ ಬಿಡಿ: ಅದರ ಅಗಲ 27 ಮಿ.ಮೀ., ಸುತ್ತಲೂ ಸ್ವಲ್ಪ ಸಂದು ಬಿಟ್ಟು ಸಲೀಸಾಗಿ ಒಳಗೆ ಬೀಳಬೇಕು.

ಚೆಂಡುಗಳಿಗೆ ಬೇರೆ ಅಳತೆ. ದುಂಡಗಿನ ವಸ್ತು ಗಂಟಲಿನ ಹಿಂಭಾಗಕ್ಕೆ ಜಾರಿ ಬಿರಟೆ ಬಡಿದ ಹಾಗೆ ಕೂರುವುದರಿಂದ 44.5 ಮಿ.ಮೀ. ಅಗಲದ ತೂತಿನಲ್ಲಿ ದಾಟಿ ಹೋಗುವ ಚೆಂಡನ್ನು ಸಣ್ಣ ಚೆಂಡು ಎಂದೇ ಎಣಿಸುತ್ತಾರೆ. ಅದಕ್ಕೆ 14 ಸೆಂ.ಮೀ. ಸುತ್ತಳತೆಯ ಇನ್ನೊಂದು ಬಳೆ ಮಾಡಿಕೊಳ್ಳಿ. ನಮ್ಮ ರೈಲಿನಲ್ಲಿ ಚೆಂಡಿಲ್ಲ, ಆದರೆ ಕ್ರಿಕೆಟ್ ಸೆಟ್, ಬೌಲಿಂಗ್ ಸೆಟ್ ಮಾರುವವರಿಗೆ ಎರಡನೆಯ ಬಳೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಈಗ ಪೆಟ್ಟಿಗೆ ಬಿಚ್ಚಿ. ಒಂದೊಂದು ಮಾದರಿಗೆ ಒಂದು ಪೆಟ್ಟಿಗೆಯನ್ನು ಅಂಗಡಿಯ ಖರ್ಚಿಗೆ ಒಡೆಯಲೇಬೇಕು. ಸೀಲು ಬಿಚ್ಚದೆ ಬರೆದ ಲಿಸ್ಟಿಂಗ್ ಊಹೆಯ ಲಿಸ್ಟಿಂಗ್. ತುಂಡುಗಳನ್ನು ಒಂದೊಂದಾಗಿ ಕೊಳವೆಗೆ ಬಿಡಿ. ಹಳಿಯ ತುಂಡು 16 ಸೆಂ.ಮೀ. ಉದ್ದ, ಎಂಜಿನ್ ಮತ್ತು ಬೋಗಿಗಳು 8 ಸೆಂ.ಮೀ. ದಾಟಿವೆ, ಇವು ಒಳಗೆ ಹೋಗುವುದಿಲ್ಲ. ಪ್ರಯಾಣಿಕರ ಗೊಂಬೆ 38 ಮಿ.ಮೀ. ಎತ್ತರ, 16 ಮಿ.ಮೀ. ಅಗಲ. ಅದು ನಿಂತ ನಿಲುವಿನಲ್ಲೇ ಕೊಳವೆಯೊಳಗೆ ಮುಳುಗುತ್ತದೆ. ಅಲ್ಲಿಗೆ ಪ್ರಶ್ನೆ ಬಗೆಹರಿಯಿತು: ಪೆಟ್ಟಿಗೆಯ ಹಿಂಬದಿಯ ಮಾತು ಸರಿ, ಮುಂಬದಿಯ "2+" ಸುಳ್ಳು.

ಇಷ್ಟಕ್ಕೇ ನಿಲ್ಲಬೇಡಿ. ಮಗು ಆಟಿಕೆಯನ್ನು ಪೆಟ್ಟಿಗೆಯಲ್ಲಿ ಇದ್ದ ಹಾಗೆ ಇಟ್ಟುಕೊಳ್ಳುವುದಿಲ್ಲ. ಚಕ್ರವನ್ನು ಬೆರಳಿನಿಂದ ಹಿಡಿದು ನೇರವಾಗಿ ಎಳೆಯಿರಿ, ಆಮೇಲೆ ತಿರುಚಿ. ಸಿಗ್ನಲ್ಲಿನ ತಟ್ಟೆಯನ್ನು ಎರಡೂ ಕಡೆಗೆ ಬಾಗಿಸಿ. ಬೋಗಿಯನ್ನು ಮೇಜಿನ ಎತ್ತರದಿಂದ ಗಟ್ಟಿ ನೆಲದ ಮೇಲೆ ನಾಲ್ಕೈದು ಸಲ ಬೀಳಿಸಿ. ಪ್ರಯೋಗಾಲಯದಲ್ಲಿ ಇದನ್ನೆಲ್ಲ ಗೊತ್ತುಪಡಿಸಿದ ಬಲ ಮತ್ತು ಎತ್ತರದಲ್ಲಿ ಮಾಡುತ್ತಾರೆ. ನಮ್ಮ ಕೈ ಅದಕ್ಕೆ ಸಮವಲ್ಲ, ಕೈಯಲ್ಲಿ ಕಳಚದ್ದು ಸುರಕ್ಷಿತ ಎಂದೂ ಹೇಳಲಾಗದು. ಆದರೆ ಕೈಯಲ್ಲೇ ಕಳಚಿದ್ದು ಮಗುವಿನ ಕೈಯಲ್ಲಿ ಖಂಡಿತ ಕಳಚುತ್ತದೆ. ನಮ್ಮ ಸಿಗ್ನಲ್ ಕಂಬ 9 ಸೆಂ.ಮೀ. ಉದ್ದವಿದ್ದು ಕೊಳವೆಯಲ್ಲಿ ಪಾಸಾಗಿತ್ತು. ಅದರ ನೆತ್ತಿಯ 18 ಮಿ.ಮೀ. ತಟ್ಟೆ ತಿರುಚಿದಾಗ ಬಂದುಬಿಟ್ಟಿತು. ಆದ್ದರಿಂದ ಅದೂ ಸಣ್ಣ ಭಾಗಗಳ ಪಟ್ಟಿಗೆ ಸೇರಬೇಕು.

ಬೋಗಿಗಳ ಆಯಸ್ಕಾಂತದ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಅದು ಪ್ಲಾಸ್ಟಿಕ್ಕಿನೊಳಗೆ ಹುದುಗಿ ಕೂತಿರಬೇಕು. ಎಳೆದಾಗ, ಬೀಳಿಸಿದಾಗ ಹೊರಬಂದರೆ ಆ ಮಾಲನ್ನು ಯಾವ ವಯಸ್ಸಿನ ಹೆಸರಿನಲ್ಲೂ ಪಟ್ಟಿಗೆ ಹಾಕಬೇಡಿ. ಮಗು ಎರಡು ಆಯಸ್ಕಾಂತ ನುಂಗಿದರೆ ಕರುಳಿನ ಎರಡು ಮಡಿಕೆಗಳ ಆಚೀಚೆಯಿಂದ ಅವು ಒಂದನ್ನೊಂದು ಹಿಡಿದುಕೊಂಡು ನಡುವಿನ ಗೋಡೆಯನ್ನು ತೂತು ಮಾಡುತ್ತವೆ.

ವಯಸ್ಸಿನ ಖಾನೆ

ಮೂರು ವರ್ಷ ಎಂಬ ಗಡಿಗೆ ಕಾರಣ ಬುದ್ಧಿಯಲ್ಲ, ಬಾಯಿ. ಆ ವಯಸ್ಸಿನವರೆಗೆ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಯೇ ಪರಿಚಯ ಮಾಡಿಕೊಳ್ಳುತ್ತಾರೆ. "ನಮ್ಮ ಹುಡುಗ ಭಾರಿ ಚುರುಕು, ಎರಡಕ್ಕೇ ಎಲ್ಲ ಜೋಡಿಸುತ್ತಾನೆ" ಎಂದು ಗಿರಾಕಿ ಹೇಳಿದರೆ ಮೆಚ್ಚಿಕೊಳ್ಳಿ, ಆದರೆ ಚುರುಕುತನದಿಂದ ಗಂಟಲು ಅಗಲವಾಗುವುದಿಲ್ಲ. ಮೂರರಿಂದ ಆರು ವರ್ಷದವರಿಗೆಂದು ಮಾಡಿದ ಆಟಿಕೆಯಲ್ಲಿ ಸಣ್ಣ ಭಾಗ ಇರಬಹುದು, ಆದರೆ ಎಚ್ಚರಿಕೆ ಇರಲೇಬೇಕು. ಮೂರರೊಳಗಿನವರ ಆಟಿಕೆಯಲ್ಲಿ ಅವು ಇರಲೇಬಾರದು, ಹೊಸದರಲ್ಲೂ ಇಲ್ಲ, ಎಳೆದು ಬೀಳಿಸಿದ ಮೇಲೂ ಇಲ್ಲ.

ಇಲ್ಲಿ ಒಂದು ಅಡ್ಡದಾರಿ ಇದೆ, ಅದನ್ನು ತುಳಿಯುವವರೂ ಇದ್ದಾರೆ. ಗಿಲಕಿಯಿಂದ ಮಣಿ ಉದುರಿತು ಎಂದುಕೊಳ್ಳಿ. "ಆಯಿತು, 3+ ಎಂದು ಬರೆಯೋಣ" ಎನ್ನುತ್ತಾರೆ. ಅದು ನಡೆಯುವುದಿಲ್ಲ. ಗಿಲಕಿ, ಹಲ್ಲು ಬರುವಾಗ ಕಚ್ಚುವ ಬಳೆ, ತಬ್ಬಿಕೊಂಡು ಮಲಗುವ ಮೆತ್ತನೆಯ ಕರಡಿ, ದಾರ ಕಟ್ಟಿ ಎಳೆಯುವ ಬಾತುಕೋಳಿ, ಇವೆಲ್ಲ ನೋಡಿದರೇ ಕೂಸುಗಳ ಆಟಿಕೆ. ಯಾವ ಅಂಕಿ ಬರೆದರೂ ಹೋಗುವುದು ಕೂಸಿನ ಕೈಗೇ. ಅಂಥ ಆಟಿಕೆಯಲ್ಲಿ ಸಣ್ಣ ಭಾಗ ಸಿಕ್ಕರೆ ಅಂಕಿ ತಿದ್ದಬೇಡಿ, ಮಾಲನ್ನೇ ತೆಗೆಯಿರಿ. ಹಾಗೆಯೇ ತಯಾರಕರು ಬರೆದ ವಯಸ್ಸನ್ನು ಕೆಳಗೆ ಇಳಿಸುವ ಅಧಿಕಾರ ಮಾರುವವರಿಗಿಲ್ಲ.

ರೈಲಿನ ಕಥೆ ಬೇರೆ. ಹಳಿ ಜೋಡಿಸಿ ಓಡಿಸುವ ಆಟ ಸಹಜವಾಗಿಯೇ ಮೂರು ದಾಟಿದ ಮಕ್ಕಳದ್ದು. ಪೆಟ್ಟಿಗೆಯ ಎರಡು ಮಾತುಗಳಲ್ಲಿ ಹೆಚ್ಚಿನ ವಯಸ್ಸನ್ನು ಅಳತೆಯೂ ಎತ್ತಿ ಹಿಡಿದಿದೆ. ಆದ್ದರಿಂದ 3 ವರ್ಷ ಮೇಲ್ಪಟ್ಟವರಿಗೆ ಎಂದು ಬರೆಯಬಹುದು. ಆದರೂ ಮುಂಬದಿಯ "2+" ಕೈ ಬಿಡುವ ವಿಷಯವಲ್ಲ. ಸಗಟು ವ್ಯಾಪಾರಿಗೆ ಫೋಟೊ ಕಳುಹಿಸಿ, ತಯಾರಕರು ಮುದ್ರಣ ತಿದ್ದಿದ ಪೆಟ್ಟಿಗೆ ಕೊಡುವವರೆಗೆ ಲಿಸ್ಟಿಂಗ್ ತಡೆಹಿಡಿಯುವುದು ನನ್ನ ಪ್ರಕಾರ ಸರಿಯಾದ ದಾರಿ. ನೀವು ತೆರೆಯ ಮೇಲೆ ಮೂರು ಎಂದು ಬರೆದು, ಮನೆಗೆ ಬಂದ ಪೆಟ್ಟಿಗೆ ಎರಡು ಎಂದರೆ, ಗಿರಾಕಿ ಕೈಯಲ್ಲಿರುವ ಪೆಟ್ಟಿಗೆಯನ್ನೇ ನಂಬುತ್ತಾರೆ.

ಖಾನೆ ತುಂಬುವಾಗ ಅದು ಕೇಳುತ್ತಿರುವುದು ವರ್ಷವೋ ತಿಂಗಳೋ ನೋಡಿ. ಹಲವು ಮಾರಾಟ ತಾಣಗಳು ಕನಿಷ್ಠ ವಯಸ್ಸನ್ನು ತಿಂಗಳಲ್ಲಿ ಕೇಳುತ್ತವೆ. ಅಲ್ಲಿ 36 ಎಂದು ಬರೆಯಬೇಕು. ಅಭ್ಯಾಸಬಲದಿಂದ 3 ಎಂದು ಬರೆದರೆ ರೈಲು ಮೂರು ತಿಂಗಳ ಕೂಸಿಗೆ ಎಂದು ತೋರುತ್ತದೆ. ಪ್ರಕಟಿಸಿದ ಮೇಲೆ ಗಿರಾಕಿಗೆ ಕಾಣುವ ಪುಟವನ್ನು ತೆರೆದು ಓದಿದರೆ ಮಾತ್ರ ಇದು ಗೊತ್ತಾಗುತ್ತದೆ, ತುಂಬುವ ನಮೂನೆಯಲ್ಲಿ ಕಾಣುವುದಿಲ್ಲ.

ಎಚ್ಚರಿಕೆಯ ವಾಕ್ಯ

"ಪೋಷಕರ ಮೇಲ್ವಿಚಾರಣೆ ಅಗತ್ಯ" ಎಂಬ ಮಾತು ಎಲ್ಲ ಆಟಿಕೆಗೂ ಒಗ್ಗುತ್ತದೆ, ಹಾಗಾಗಿ ಯಾರೂ ಓದುವುದಿಲ್ಲ. ಎಚ್ಚರಿಕೆಯಲ್ಲಿ ಮೂರು ಸಂಗತಿ ಇರಬೇಕು: ಯಾರಿಗೆ ಬೇಡ, ಏನಾಗಬಹುದು, ಯಾವ ತುಂಡಿನಿಂದ. "ಎಚ್ಚರಿಕೆ: 3 ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ. ಪ್ರಯಾಣಿಕರ ಗೊಂಬೆ (38 ಮಿ.ಮೀ.) ಮತ್ತು ಸಿಗ್ನಲ್ ತಟ್ಟೆ (18 ಮಿ.ಮೀ.) ಬಾಯಿಗೆ ಹೋದರೆ ಉಸಿರು ಕಟ್ಟಬಹುದು." ಇದಕ್ಕೆ ಇನ್ನೊಂದು ಸಾಲು ಸೇರಿಸಿದರೆ ನಮ್ಮ ಕಡೆಯ ಮನೆಗಳಿಗೆ ಸರಿಹೋಗುತ್ತದೆ: "ಮನೆಯಲ್ಲಿ ಇದಕ್ಕಿಂತ ಚಿಕ್ಕ ಕೂಸು ಇದ್ದರೆ ಗೊಂಬೆಗಳನ್ನು ತೆಗೆದಿಡಿ, ಅವಿಲ್ಲದೆಯೂ ರೈಲು ಓಡುತ್ತದೆ." ಆಟಿಕೆ ಬರುವುದು ಐದು ವರ್ಷದ ಅಣ್ಣನಿಗೆ, ಅಪಾಯ ಇರುವುದು ತೆವಳುವ ತಂಗಿಗೆ. ದೊಡ್ಡ ಕುಟುಂಬದಲ್ಲಿ ಒಂದೇ ಚಾಪೆಯ ಮೇಲೆ ಎಲ್ಲ ವಯಸ್ಸಿನವರೂ ಆಡುತ್ತಾರೆ.

ಈ ಎಚ್ಚರಿಕೆ ವಿವರಣೆಯ ಮೊದಲ ಸಾಲಾಗಿರಲಿ. ಮೊಬೈಲಿನಲ್ಲಿ ಎರಡು ಮೂರು ಸಾಲಿನ ಕೆಳಗಿನದೆಲ್ಲ ಮಡಚಿಕೊಂಡು, ಒತ್ತಿದರಷ್ಟೇ ತೆರೆದುಕೊಳ್ಳುತ್ತದೆ.

ಸೆಲ್ಲಿನ ವಿವರ

ಗಿರಾಕಿಗೆ ಗೊತ್ತಾಗಬೇಕಾದದ್ದು ಇಷ್ಟು: ಯಾವ ಅಳತೆಯ ಸೆಲ್ಲು, ಎಷ್ಟು, ಯಾವ ಭಾಗಕ್ಕೆ, ಜೊತೆಗೆ ಬರುತ್ತದೆಯೇ, ಬಾಗಿಲು ತೆರೆಯುವುದು ಹೇಗೆ. "ಬ್ಯಾಟರಿ ಚಾಲಿತ" ಎಂದಷ್ಟೇ ಬರೆದರೆ ಇದರಲ್ಲಿ ಒಂದಕ್ಕೂ ಉತ್ತರವಿಲ್ಲ.

ಹೆಸರಿನಲ್ಲೇ ಗೊಂದಲವಿದೆ. ಪೆನ್ಸಿಲ್ ಸೆಲ್ಲು ಎಂದು ಕೆಲವರು AA ಸೆಲ್ಲಿಗೆ, ಕೆಲವರು ಅದಕ್ಕಿಂತ ಸಣ್ಣದಾದ AAA ಸೆಲ್ಲಿಗೆ ಹೇಳುತ್ತಾರೆ. ಆದ್ದರಿಂದ ಸೆಲ್ಲಿನ ಮೇಲಿನ ಅಕ್ಷರವನ್ನೂ ಬರೆಯಿರಿ: "ಎಂಜಿನ್‌ಗೆ AA ಅಳತೆಯ 1 ಪೆನ್ಸಿಲ್ ಸೆಲ್ಲು, 1.5 ವೋಲ್ಟ್, ಜೊತೆಗೆ ಬರುವುದಿಲ್ಲ." ಬಟನ್ ಸೆಲ್ಲಿನಲ್ಲಿ ಇನ್ನೂ ಹೆಚ್ಚು ಗೊಂದಲ. ನಮ್ಮ ಸಿಗ್ನಲ್ಲಿನಲ್ಲಿರುವುದು LR44. ಅದೇ ಅಳತೆಯದನ್ನು AG13 ಎಂದೂ A76 ಎಂದೂ ಮಾರುತ್ತಾರೆ. ಗದಗಿನ ಗಡಿಯಾರದ ಅಂಗಡಿಗೆ ಹೋಗಿ LR44 ಕೇಳಿದವರಿಗೆ AG13 ಕೊಟ್ಟರೆ ಅದು ಬೇರೆಯದು ಎಂದು ವಾಪಸ್ ಬರುತ್ತಾರೆ. ಎರಡೂ ಹೆಸರು ಬರೆದರೆ ಆ ಅಲೆದಾಟ ತಪ್ಪುತ್ತದೆ. CR2032 ಎಂಬುದು ಇವೆಲ್ಲಕ್ಕಿಂತ ಬೇರೆ, ಲಿಥಿಯಂನದು, 3 ವೋಲ್ಟ್. ಅದರ ಅಂಕಿಯೇ ಅಳತೆ: 20 ಎಂದರೆ 20 ಮಿ.ಮೀ. ಅಗಲ, 32 ಎಂದರೆ 3.2 ಮಿ.ಮೀ. ದಪ್ಪ.

ಬಟನ್ ಸೆಲ್ಲು ಇದೆ ಎಂಬುದನ್ನು ಮರೆಮಾಚದೆ ಬರೆಯಲು ಬಲವಾದ ಕಾರಣವಿದೆ. ನುಂಗಿದ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಸುತ್ತಲಿನ ತೇವದ ಮೂಲಕ ವಿದ್ಯುತ್ ಹರಿದು, ಅದರ ಋಣ ಬದಿಯಲ್ಲಿ ಕ್ಷಾರ ಹುಟ್ಟುತ್ತದೆ. ಆ ಕ್ಷಾರ ಎರಡು ಗಂಟೆಯೊಳಗೆ ಒಳಗಿನ ಮಾಂಸವನ್ನು ಸುಡಬಲ್ಲದು. 20 ಮಿ.ಮೀ. ಅಗಲದ ಲಿಥಿಯಂ ಸೆಲ್ಲು ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಸರಿಯಾದ ಅಗಲವೂ ಅದಕ್ಕಿದೆ, ವೋಲ್ಟೂ ಹೆಚ್ಚು. ದೀಪ ಹತ್ತದಷ್ಟು ಮುಗಿದ ಸೆಲ್ಲಿನಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಆದ್ದರಿಂದ ಲಿಸ್ಟಿಂಗ್‌ನಲ್ಲಿ ಹೀಗೆ ಬರೆಯಿರಿ: "ಸಿಗ್ನಲ್ಲಿನಲ್ಲಿ 3 ಬಟನ್ ಸೆಲ್ಲು (LR44 ಅಥವಾ AG13, ತಲಾ 1.5 ವೋಲ್ಟ್), ಜೊತೆಗೆ ಬರುತ್ತವೆ. ಹೊಸದನ್ನೂ ಹಳೆಯದನ್ನೂ ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದ ಅನುಮಾನವಿದ್ದರೂ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ."

ಬರೆಯುವ ಮೊದಲು ಬಾಗಿಲನ್ನು ಪರೀಕ್ಷಿಸಿ. ಬಟನ್ ಸೆಲ್ಲಿನ ಬಾಗಿಲು ಬರಿಗೈಯ ಒಂದೇ ಒತ್ತಿಗೆ ತೆರೆಯಬಾರದು. ಸ್ಕ್ರೂ ಇರಬೇಕು, ಇಲ್ಲವೇ ಒಂದೇ ಹೊತ್ತಿಗೆ ಎರಡು ಬೇರೆ ಬೇರೆ ಚಲನೆ ಮಾಡಿದರಷ್ಟೇ ತೆರೆಯಬೇಕು. ಸ್ಕ್ರೂವನ್ನು ಪೂರ್ತಿ ಸಡಿಲಿಸಿ ಬಾಗಿಲನ್ನು ತಲೆಕೆಳಗಾಗಿ ಹಿಡಿಯಿರಿ. ಒಳ್ಳೆಯ ತಯಾರಿಕೆಯಲ್ಲಿ ಸ್ಕ್ರೂ ಬಾಗಿಲಲ್ಲೇ ನೇತಾಡುತ್ತದೆ. ಕೆಳಗೆ ಬಿದ್ದರೆ, ಮೊದಲ ಸಲ ಸೆಲ್ಲು ಬದಲಿಸಿದ ದಿನವೇ ಮನೆಯವರು ಅದನ್ನು ಕಳೆದುಕೊಳ್ಳುತ್ತಾರೆ, ಆಮೇಲೆ ಬಾಗಿಲಿಗೆ ಅಂಟು ಪಟ್ಟಿಯೇ ಗತಿ. ಸ್ಕ್ರೂ ಹಾಕದೆ ಬಂದ ಪೆಟ್ಟಿಗೆ ಒಂದು ಸಿಕ್ಕರೂ ಆ ಲಾಟನ್ನೆಲ್ಲ ತೆರೆದು ನೋಡಿ. ಲಿಸ್ಟಿಂಗ್‌ನಲ್ಲಿ "ತೆರೆಯಲು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಬೇಕು, ಜೊತೆಗೆ ಬರುವುದಿಲ್ಲ" ಎಂದು ಸೇರಿಸಿ. ಹುಟ್ಟುಹಬ್ಬದ ಸಂಜೆ ಆಟಿಕೆ ತೆರೆದು, ಡ್ರೈವರ್ ಇಲ್ಲದೆ ಚಾಕುವಿನ ತುದಿಯಲ್ಲಿ ಬಾಗಿಲು ಎಬ್ಬಿಸಿದವರ ದೂರು ಬರುವುದೂ ಅಂಗಡಿಗೇ.

"ಸೆಲ್ಲು ಸೇರಿದೆ" ಎಂಬುದರಲ್ಲೂ ನಿಖರತೆ ಬೇಕು. ಸಿಗ್ನಲ್ಲಿನಲ್ಲಿರುವ ಸೆಲ್ಲು ಅಂಗಡಿಯಲ್ಲಿ ಒತ್ತಿ ತೋರಿಸಲು ಹಾಕಿದ್ದು, ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತದ್ದು. "ಪರೀಕ್ಷೆಗಾಗಿ ಹಾಕಿದ ಸೆಲ್ಲು ಇದೆ, ಬೇಗ ಮುಗಿಯಬಹುದು" ಎಂದು ಹೇಳಿಬಿಡಿ. ಸೆಲ್ಲು ಮತ್ತು ತಗಡಿನ ನಡುವೆ ಪ್ಲಾಸ್ಟಿಕ್ ಪಟ್ಟಿ ಇದ್ದರೆ, ಅದನ್ನು ಎಳೆದ ಮೇಲೆಯೇ ದೀಪ ಹತ್ತುತ್ತದೆ ಎಂದೂ ಬರೆಯಿರಿ. ಕೆಲಸ ಮಾಡುತ್ತಿಲ್ಲ ಎಂಬ ದೂರುಗಳಲ್ಲಿ ಒಂದು ಪಾಲು ಈ ಪಟ್ಟಿಯದ್ದೇ.

ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿಯ ರಿಮೋಟ್ ಕಾರು ಮಾರುವವರು ವೋಲ್ಟ್, ಮಿಲಿಆಂಪ್-ಅವರ್, ಚಾರ್ಜಿಂಗ್ ತಂತಿ ಜೊತೆಗಿದೆಯೇ ಎಂಬುದನ್ನು ಸೇರಿಸಬೇಕು. ಕೊರಿಯರ್‌ನವರಿಗೂ ಒಳಗೆ ಲಿಥಿಯಂ ಬ್ಯಾಟರಿ ಇದೆ ಎಂದು ಹೇಳಿಯೇ ಕೊಡಬೇಕು. ವಿಮಾನ ಸಾಗಣೆಯಲ್ಲಿ ಅದು ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ, ಉಪಕರಣದೊಂದಿಗೆ ಹೋಗುವ ಲಿಥಿಯಂ-ಅಯಾನ್ ಬ್ಯಾಟರಿಗೆ UN 3481 ಎಂಬ ಸಂಖ್ಯೆಯೂ ಇದೆ. ನಮ್ಮ ರೈಲಿಗೆ ಈ ತಾಪತ್ರಯವಿಲ್ಲ.

ಎಲ್ಲ ಸೇರಿದ ಮೇಲೆ

ಪೆಟ್ಟಿಗೆಯ ಮುದ್ರಣ ಸರಿಯಾಗಿ ಬಂದ ಮೇಲೆ ರೈಲಿನ ಲಿಸ್ಟಿಂಗ್ ಹೀಗೆ ನಿಲ್ಲುತ್ತದೆ:

> ಬ್ಯಾಟರಿ ರೈಲು ಸೆಟ್, 3 ವರ್ಷ ಮೇಲ್ಪಟ್ಟವರಿಗೆ, 20 ತುಂಡು, 1 AA ಸೆಲ್ಲು ಬೇಕು
>
> ಎಚ್ಚರಿಕೆ: 3 ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ. ಪ್ರಯಾಣಿಕರ ಗೊಂಬೆ (38 ಮಿ.ಮೀ.) ಮತ್ತು ಸಿಗ್ನಲ್ ತಟ್ಟೆ (18 ಮಿ.ಮೀ.) ಬಾಯಿಗೆ ಹೋದರೆ ಉಸಿರು ಕಟ್ಟಬಹುದು. ಸಿಗ್ನಲ್ಲಿನಲ್ಲಿ ಬಟನ್ ಸೆಲ್ಲು ಇದೆ, ನುಂಗಿದರೆ ಒಳಗೆ ಸುಡುತ್ತದೆ, ಕೂಡಲೇ ಆಸ್ಪತ್ರೆಗೆ ಹೋಗಿ.
>
> ಪೆಟ್ಟಿಗೆಯಲ್ಲಿ: ಎಂಜಿನ್ 1, ಆಯಸ್ಕಾಂತದ ಬೋಗಿ 2, ಬಾಗಿದ ಹಳಿ 8, ನೇರ ಹಳಿ 4, ಗೊಂಬೆ 4, ಸಿಗ್ನಲ್ 1. ಹಳಿ ಜೋಡಿಸಿದಾಗ ನೆಲದ ಮೇಲೆ ಸುಮಾರು 77 × 45 ಸೆಂ.ಮೀ. ಜಾಗ ಬೇಕು.
>
> ಎಂಜಿನ್: AA ಪೆನ್ಸಿಲ್ ಸೆಲ್ಲು 1 (1.5 ವೋಲ್ಟ್), ಜೊತೆಗೆ ಇಲ್ಲ. ಸಿಗ್ನಲ್: LR44 / AG13 ಬಟನ್ ಸೆಲ್ಲು 3, ಪರೀಕ್ಷೆಗಾಗಿ ಹಾಕಿದ್ದು ಇದೆ. ಎರಡೂ ಬಾಗಿಲಿಗೆ ಸ್ಕ್ರೂ ಇದೆ, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಬೇಕು.

ಇದರ ಕೆಳಗೆ ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ, ದೂರಿಗೆ ಸಂಪರ್ಕ, CM/L ಸಂಖ್ಯೆ. ಇವನ್ನು ಪೆಟ್ಟಿಗೆಯಿಂದ ಇದ್ದ ಹಾಗೆ ನಕಲು ಮಾಡಿ.

ಫೋಟೊ ನಾಲ್ಕು ಸಾಕು. ಮೊದಲನೆಯದು ಜೋಡಿಸಿದ ರೈಲು. ಎರಡನೆಯದರಲ್ಲಿ ಗೊಂಬೆ, ಸಿಗ್ನಲ್ ಮತ್ತು ಅದರ ತಟ್ಟೆಯನ್ನು ಬಿಳಿ ಕಾಗದದ ಮೇಲೆ ಹತ್ತು ರೂಪಾಯಿ ನಾಣ್ಯದ ಪಕ್ಕದಲ್ಲಿಟ್ಟು ನೇರ ಮೇಲಿನಿಂದ ತೆಗೆಯಿರಿ. ಓರೆಯಾಗಿ ತೆಗೆದರೆ ಹತ್ತಿರದ ವಸ್ತು ದೊಡ್ಡದಾಗಿ ಕಂಡು ಅಳತೆ ಕೆಡುತ್ತದೆ. ಮೂರನೆಯದು ತೆರೆದ ಸೆಲ್ಲಿನ ಬಾಗಿಲು, ಸ್ಕ್ರೂ ಕಾಣುವಂತೆ. ನಾಲ್ಕನೆಯದು ಪೆಟ್ಟಿಗೆಯ ಹಿಂಬದಿ, ಎಚ್ಚರಿಕೆ ಮತ್ತು ಐಎಸ್‌ಐ ಸಂಖ್ಯೆ ಓದುವಷ್ಟು ಹತ್ತಿರದಿಂದ. ವಾಟ್ಸ್ಆ್ಯಪ್ ಕ್ಯಾಟಲಾಗಿನಲ್ಲಿ ಮಾರುವವರು ಮೊದಲ ಫೋಟೊದ ಮೂಲೆಯಲ್ಲೇ "3+, ಸಣ್ಣ ಭಾಗ ಮತ್ತು ಬಟನ್ ಸೆಲ್ಲು ಇವೆ" ಎಂದು ಬರೆದುಬಿಡಲಿ. ಅಲ್ಲಿ ಫೋಟೊ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುವಾಗ ವಿವರಣೆ ಹಿಂದೆಯೇ ಉಳಿಯುತ್ತದೆ. ದೊಡ್ಡ ಮಾರಾಟ ತಾಣಗಳು ಮುಖ್ಯ ಫೋಟೊದ ಮೇಲೆ ಬರಹವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಅಲ್ಲಿ ಅದನ್ನು ಎರಡನೆಯ ಫೋಟೊಕ್ಕೆ ಹಾಕಬೇಕು.

ಹೊಸ ಲಾಟು ಬಂದಾಗ ಹಳೆಯ ಲಿಸ್ಟಿಂಗ್ ತಾನಾಗಿ ಸರಿಯಾಗಿ ಉಳಿಯುವುದಿಲ್ಲ. ಪೆಟ್ಟಿಗೆ ಅದೇ ಇದ್ದು, ಒಳಗೆ ಸಿಗ್ನಲ್ಲಿನ LR44 ಬದಲು ಇನ್ನೊಂದು ಸೆಲ್ಲು ಬಂದಿರಬಹುದು, ಗೊಂಬೆ ಚಿಕ್ಕದಾಗಿರಬಹುದು. ಪ್ರತಿ ಲಾಟಿನಿಂದ ಒಂದನ್ನು ಬಿಚ್ಚಿ, CM/L ಸಂಖ್ಯೆ ಹೋಲಿಸಿ, ತುಂಡುಗಳನ್ನು ರಟ್ಟಿನ ಕೊಳವೆಗೆ ಬಿಟ್ಟು, ಸ್ಕ್ರೂ ತಿರುಗಿಸಿ ನೋಡಿ. "ಚಕ್ರ ಕಳಚಿತು" ಎಂದು ಒಬ್ಬ ಗಿರಾಕಿ ಬರೆದರೂ ಅದನ್ನು ಬರಿಯ ಬದಲಿ ಕೊಡುವ ದೂರೆಂದು ಮುಗಿಸದೆ, ಅದೇ ಲಾಟಿನ ಇನ್ನೊಂದು ಪೆಟ್ಟಿಗೆಯ ಚಕ್ರವನ್ನು ಎಳೆದು ನೋಡಿ. ಅದೂ ಬಂದರೆ ಲಿಸ್ಟಿಂಗ್ ನಿಲ್ಲಿಸಿ, ಆ ಲಾಟಿನಿಂದ ಈಗಾಗಲೇ ಕೊಂಡವರಿಗೆಲ್ಲ ಫೋನ್ ಮಾಡಿ ತಿಳಿಸಿ.